ಹೊಗೆಗೆ ಬೆಲೆಯೋ, ಮಿತಿಯೋ?

ಬೆಂಗಳೂರಿನ ಚಿಕ್ಕಪೇಟೆಯಿಂದ ಹಿಡಿದು ನಮ್ಮ ಹೋಬಳಿ ಸಂತೆಗಳವರೆಗೆ ಕಡಿಮೆ ಬೆಲೆಗೆ ಮಾರಾಟವಾಗುವ ಸಿಂಥೆಟಿಕ್ ಸೀರೆಗಳಲ್ಲಿ ದೊಡ್ಡ ಪಾಲು ಬರುವುದು ಗುಜರಾತಿನ ಸೂರತ್‌ನಿಂದ. ಆ ಬಟ್ಟೆಗೆ ಬಣ್ಣ ಹಾಕಲು, ಹಾಕಿದ ಬಣ್ಣ ಬಿಡದಂತೆ ಕೂರಿಸಲು ಹಬೆ ಬೇಕು. ಹಬೆಗೆ ಬಾಯ್ಲರ್ ಬೇಕು, ಬಾಯ್ಲರಿಗೆ ಕಲ್ಲಿದ್ದಲು ಇಲ್ಲವೇ ಲಿಗ್ನೈಟ್ ಬೇಕು. ನೂರಾರು ಡೈಯಿಂಗ್ ಮಿಲ್ಲುಗಳ ಚಿಮಣಿಗಳಿಂದ ಹೊರಬೀಳುವ ಸಣ್ಣ ಕಣಗಳು ಆ ಊರಿನವರ ಶ್ವಾಸಕೋಶ ಸೇರುತ್ತವೆ.

ಇದನ್ನು ತಡೆಯಲು ಕಾನೂನು ಇರಲಿಲ್ಲವೆಂದಲ್ಲ. ಚಿಮಣಿಯಿಂದ ಹೋಗುವ ಗಾಳಿಯ ಒಂದು ಘನ ಮೀಟರಿನಲ್ಲಿ 150 ಮಿಲಿಗ್ರಾಂಗಿಂತ ಹೆಚ್ಚು ಕಣ ಇರಬಾರದು ಎಂಬ ನಿಯಮ ಬಹಳ ಹಿಂದಿನಿಂದಲೂ ಇತ್ತು. ಅದನ್ನು ಪರೀಕ್ಷಿಸುವ ವಿಧಾನ ಹೀಗಿತ್ತು: ಒಬ್ಬ ಚಿಮಣಿಯ ಏಣಿ ಹತ್ತಿ, ಅರ್ಧದಲ್ಲಿರುವ ಕಟ್ಟೆಯ ಮೇಲೆ ನಿಂತು, ಪಕ್ಕದ ತೂತಿನೊಳಗೆ ನಳಿಕೆ ತೂರಿಸಿ, ಬೆರಳಿನಾಕಾರದ ಒಂದು ಫಿಲ್ಟರಿನ ಮೂಲಕ ಹೊಗೆಯನ್ನು ಎಳೆದುಕೊಳ್ಳುತ್ತಾನೆ. ಮೊದಲೇ ತೂಗಿಟ್ಟ ಆ ಫಿಲ್ಟರನ್ನು ಪ್ರಯೋಗಾಲಯದಲ್ಲಿ ಮತ್ತೆ ತೂಗಿದಾಗ ಹೆಚ್ಚಾದ ಭಾರವೇ ಕಣಗಳ ಲೆಕ್ಕ. ವರ್ಷಕ್ಕೆ ಕೆಲವೇ ಸಲ, ಕೆಲವು ನಿಮಿಷಗಳ ಲೆಕ್ಕ. ಉಳಿದ ಸಾವಿರಾರು ಗಂಟೆಗಳಲ್ಲಿ ಏನಾಯಿತು ಎನ್ನುವುದು ಯಾರಿಗೂ ತಿಳಿಯದು.

ಅಷ್ಟಾದರೂ ನಿಜವಾಗಿ ನಡೆಯುತ್ತಿತ್ತೇ? ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೊಲಸ್ ರಯಾನ್ ಎಂಬ ಅರ್ಥಶಾಸ್ತ್ರಜ್ಞರು ಗುಜರಾತಿನ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಸೇರಿ ಇದನ್ನು ಪರೀಕ್ಷಿಸಿದರು. ಪರಿಸರ ಲೆಕ್ಕಪರಿಶೋಧಕರನ್ನು ಆಗ ನೇಮಿಸುತ್ತಿದ್ದುದೂ ಅವರಿಗೆ ಹಣ ಕೊಡುತ್ತಿದ್ದುದೂ ಕಾರ್ಖಾನೆಯೇ. ಅವರು ಬರೆದುಕೊಟ್ಟ ವರದಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಅಂಕಿಗಳೆಲ್ಲ 150ರ ಸ್ವಲ್ಪ ಕೆಳಗೆ ಬಂದು ಗುಂಪುಗೂಡಿದ್ದವು. ಬೇರೆಯವರು ಹೋಗಿ ಅದೇ ಚಿಮಣಿಗಳನ್ನು ಅಳೆದಾಗ ಅನೇಕ ಕಡೆ 150 ದಾಟಿತ್ತು. ಲೆಕ್ಕಪರಿಶೋಧಕರನ್ನು ಚೀಟಿ ಎತ್ತಿ ನೇಮಿಸಿ, ಹಣವನ್ನು ಸಾಮಾನ್ಯ ನಿಧಿಯಿಂದ ಕೊಟ್ಟು, ಕೆಲವರ ಅಳತೆಯನ್ನು ಮರುಪರೀಕ್ಷೆ ಮಾಡಲು ಶುರುಮಾಡಿದಾಗ ವರದಿಗಳು ನಿಜ ಹೇಳತೊಡಗಿದವು, ಕಾರ್ಖಾನೆಗಳ ಹೊಗೆಯೂ ಇಳಿಯಿತು.

ಈ ಹಿನ್ನೆಲೆಯಲ್ಲಿ 2019ರಲ್ಲಿ ಸೂರತ್‌ನಲ್ಲಿ ಕಣಮಾಲಿನ್ಯದ ಮಾರುಕಟ್ಟೆ ತೆರೆಯಿತು. ಹೊಗೆಯ ಮಾರುಕಟ್ಟೆ ಎಂದರೆ ಏನು, ಅದರ ಬದಲು ನೇರವಾಗಿ ಹೊಗೆಗೆ ತೆರಿಗೆ ಹಾಕಿದ್ದರೆ ಏನಾಗುತ್ತಿತ್ತು ಎನ್ನುವುದಕ್ಕೆ ಮೊದಲು ಒಂದು ಚಿಕ್ಕ ಲೆಕ್ಕ ಹಾಕೋಣ.

ಎರಡು ಮಿಲ್ಲುಗಳಿವೆ ಎಂದುಕೊಳ್ಳಿ. ಎರಡೂ ತಿಂಗಳಿಗೆ ಒಂದೊಂದು ಸಾವಿರ ಕಿಲೋ ಕಣ ಬಿಡುತ್ತವೆ. ಮೊದಲನೆಯದು ಹಳೆಯ ಮಿಲ್. ಒಂದು ಒಳ್ಳೆಯ ಬ್ಯಾಗ್ ಫಿಲ್ಟರ್ ಹಾಕಿದರೆ ಕಿಲೋಗೆ 20 ರೂಪಾಯಿ ಖರ್ಚಿನಲ್ಲಿ 800 ಕಿಲೋವರೆಗೆ ತಡೆಯಬಹುದು. ಎರಡನೆಯ ಮಿಲ್ ಈಗಾಗಲೇ ಸುಲಭದ ಕೆಲಸಗಳನ್ನೆಲ್ಲ ಮಾಡಿ ಮುಗಿಸಿದೆ. ಅಲ್ಲಿ ಇನ್ನು ಒಂದು ಕಿಲೋ ಇಳಿಸಬೇಕೆಂದರೆ 80 ರೂಪಾಯಿ ಬೀಳುತ್ತದೆ. ಎರಡರ ಒಟ್ಟು ಹೊಗೆ ಎರಡು ಸಾವಿರದಿಂದ 1,200 ಕಿಲೋಗೆ ಇಳಿಯಬೇಕು ಎನ್ನುವುದು ಸರ್ಕಾರದ ಗುರಿ.

ಹಳೆಯ ಪದ್ಧತಿಯಲ್ಲಿ ಸರ್ಕಾರ ಇಬ್ಬರಿಗೂ ತಲಾ 400 ಕಿಲೋ ಇಳಿಸಿ ಎನ್ನುತ್ತದೆ. ಮೊದಲನೆಯವನಿಗೆ 8,000 ರೂಪಾಯಿ, ಎರಡನೆಯವನಿಗೆ 32,000, ಒಟ್ಟು 40,000 ರೂಪಾಯಿ ಖರ್ಚು.

ಈಗ ಪರವಾನಗಿ ಪದ್ಧತಿ ನೋಡಿ. ಸರ್ಕಾರ ಒಟ್ಟು 1,200 ಪರವಾನಗಿ ಅಚ್ಚುಹಾಕುತ್ತದೆ. ಒಂದು ಪರವಾನಗಿ ಎಂದರೆ ಒಂದು ಕಿಲೋ ಹೊಗೆ ಬಿಡುವ ಹಕ್ಕು. ತಲಾ 600 ಕೊಟ್ಟು, ಬೇಕಾದರೆ ಕೊಳ್ಳಿ, ಬೇಡವಾದರೆ ಮಾರಿ ಎನ್ನುತ್ತದೆ. ಮೊದಲನೆಯವನು 16,000 ರೂಪಾಯಿ ಖರ್ಚು ಮಾಡಿ ಪೂರ್ತಿ 800 ಕಿಲೋ ಇಳಿಸುತ್ತಾನೆ. ಅವನಿಗೆ ಬೇಕಾದ್ದು 200 ಪರವಾನಗಿ ಮಾತ್ರ, ಉಳಿದ 400 ಮಾರಬಹುದು. ಎರಡನೆಯವನು ಹೊಗೆ ಇಳಿಸುವ ಬದಲು ಆ 400ನ್ನು, ಉದಾಹರಣೆಗೆ ತಲಾ 50 ರೂಪಾಯಿಯಂತೆ, 20,000 ಕೊಟ್ಟು ಕೊಳ್ಳುತ್ತಾನೆ. ಅವನಿಗೆ 12,000 ಉಳಿಯಿತು, ಮೊದಲನೆಯವನಿಗೆ 4,000 ಲಾಭವೇ ಬಂತು. ಹೊಗೆ ಕಡಿಮೆಯಾದದ್ದು ಅಷ್ಟೇ 800 ಕಿಲೋ, ಸಮಾಜಕ್ಕೆ ಆದ ಖರ್ಚು ಮಾತ್ರ 40,000ದಿಂದ 16,000ಕ್ಕೆ ಇಳಿಯಿತು.

ತೆರಿಗೆ ಹಾಕಿದರೂ ಇದೇ ಫಲ. ಕಿಲೋಗೆ 50 ರೂಪಾಯಿ ತೆರಿಗೆ ಎಂದು ಸರ್ಕಾರ ಸಾರಿದರೆ, 20 ರೂಪಾಯಿಗೆ ಹೊಗೆ ತಡೆಯಬಲ್ಲವನು ತಡೆಯುತ್ತಾನೆ. 80 ಖರ್ಚಾಗುವವನು 50 ಕಟ್ಟಿ ಸುಮ್ಮನಿರುತ್ತಾನೆ. ಹೊಗೆ ಮತ್ತೆ 1,200 ಕಿಲೋ. ವ್ಯತ್ಯಾಸವಿರುವುದು ಹಣ ಯಾರ ಜೇಬಿಗೆ ಹೋಯಿತು ಎನ್ನುವುದರಲ್ಲಿ. ತೆರಿಗೆಯಲ್ಲಿ ಮೊದಲನೆಯವನು ಉಳಿದ 200 ಕಿಲೋಗೆ 10,000, ಎರಡನೆಯವನು 50,000 ಕಟ್ಟುತ್ತಾರೆ. 60,000 ರೂಪಾಯಿ ಬೊಕ್ಕಸ ಸೇರುತ್ತದೆ. ಪರವಾನಗಿಯನ್ನು ಪುಕ್ಕಟೆ ಹಂಚಿದರೆ ಆ ಹಣ ಮಿಲ್ಲಿನವರಲ್ಲೇ ಉಳಿಯುತ್ತದೆ. ಪರವಾನಗಿಯನ್ನು ಹರಾಜು ಹಾಕಿದರೆ ಸರ್ಕಾರಕ್ಕೆ ಬರುತ್ತದೆ.

ಹಾಗಾದರೆ ಎರಡೂ ಒಂದೇ ಅಲ್ಲವೇ? ಸರ್ಕಾರಕ್ಕೆ ಎಲ್ಲವೂ ಗೊತ್ತಿದ್ದರೆ ಹೌದು. ಆದರೆ ಹೊಗೆ ತಡೆಯಲು ನಿಜವಾಗಿ ಎಷ್ಟು ಖರ್ಚಾಗುತ್ತದೆ ಎನ್ನುವುದು ಗೊತ್ತಿರುವುದು ಮಿಲ್ಲಿನ ಮಾಲೀಕನಿಗೆ, ಒಮ್ಮೊಮ್ಮೆ ಅವನಿಗೂ ಗೊತ್ತಿರುವುದಿಲ್ಲ. ಮೇಲಿನ ಲೆಕ್ಕದಲ್ಲಿ ಮೊದಲನೆಯವನ ಖರ್ಚು 20 ಅಲ್ಲ, 60 ಎಂದು ಆಮೇಲೆ ಗೊತ್ತಾಯಿತು ಎನ್ನಿ. 50 ರೂಪಾಯಿಯ ತೆರಿಗೆ ಹಾಕಿದ್ದರೆ ಯಾರೂ ಒಂದು ಕಿಲೋ ಕೂಡ ಇಳಿಸುವುದಿಲ್ಲ. ಇಬ್ಬರೂ ತೆರಿಗೆ ಕಟ್ಟುತ್ತಾರೆ, ಊರಿಗೆ ಎರಡು ಸಾವಿರ ಕಿಲೋ ಹೊಗೆ ಹಾಗೆಯೇ ಬೀಳುತ್ತದೆ. ಪರವಾನಗಿ ಇದ್ದರೆ ಹೊಗೆ 1,200 ದಾಟುವುದಿಲ್ಲ, ಆದರೆ ಪರವಾನಗಿಯ ಬೆಲೆ 60ರ ಮೇಲಕ್ಕೆ ಏರುತ್ತದೆ. ತೆರಿಗೆಯಲ್ಲಿ ಬೆಲೆ ನಮ್ಮ ಕೈಯಲ್ಲಿ, ಹೊಗೆ ನಮ್ಮ ಕೈಯಲ್ಲಿಲ್ಲ. ಪರವಾನಗಿಯಲ್ಲಿ ಹೊಗೆ ನಮ್ಮ ಕೈಯಲ್ಲಿ, ಬೆಲೆ ಇಲ್ಲ.

ಯಾವುದನ್ನು ಯಾವಾಗ ಆರಿಸಬೇಕು ಎನ್ನುವುದಕ್ಕೆ ಅಮೆರಿಕದ ಅರ್ಥಶಾಸ್ತ್ರಜ್ಞ ಮಾರ್ಟಿನ್ ವೈಟ್ಸ್‌ಮನ್ 1974ರಲ್ಲಿ ಕೊಟ್ಟ ಉತ್ತರವನ್ನು ಇಂದಿಗೂ ಯಾರೂ ಬದಿಗೆ ಸರಿಸಿಲ್ಲ. ಅದರ ತಿರುಳು ಇಷ್ಟು: ಲೆಕ್ಕ ತಪ್ಪುವುದಂತೂ ಖಚಿತ, ಯಾವ ತಪ್ಪು ಹೆಚ್ಚು ದುಬಾರಿ ಎಂದು ನೋಡಿ. ಹೊಗೆ ಒಂದು ಮಟ್ಟ ದಾಟಿದೊಡನೆ ಅನಾಹುತ ಆಗುವಂತಿದ್ದರೆ ಪ್ರಮಾಣವನ್ನೇ ಕಟ್ಟಿಹಾಕಿ, ಬೆಲೆ ಎಲ್ಲಿಗಾದರೂ ಹೋಗಲಿ. ಹೊಗೆ ಸ್ವಲ್ಪ ಹೆಚ್ಚುಕಡಿಮೆಯಾದರೆ ಹಾನಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಆದರೆ ಅದನ್ನು ತಡೆಯುವ ಖರ್ಚು ಮಾತ್ರ ದಿಢೀರನೆ ಏರುವಂತಿದ್ದರೆ ಬೆಲೆಯನ್ನು ಕಟ್ಟಿಹಾಕಿ, ಎಂದರೆ ತೆರಿಗೆ ಹಾಕಿ.

ಈ ಕಣ್ಣಿನಿಂದ ನೋಡಿದರೆ ಇಂಗಾಲದ ಡೈಆಕ್ಸೈಡ್ ಬೇರೆ ಜಾತಿಯ ಮಾಲಿನ್ಯ. ಸೂರತ್‌ನ ಕಣ ಕೆಲವು ದಿನ ಗಾಳಿಯಲ್ಲಿದ್ದು ಕೆಳಗೆ ಬೀಳುತ್ತದೆ, ಹಾನಿ ಆ ಊರಿಗೆ, ಆ ವಾರಕ್ಕೆ. ಇಂಗಾಲವಾದರೋ ವಾತಾವರಣದಲ್ಲಿ ನೂರಾರು ವರ್ಷ ಕೂಡಿಬೀಳುತ್ತಾ ಹೋಗುತ್ತದೆ. ಭೂಮಿ ಬಿಸಿಯಾಗುತ್ತಿರುವುದು ಈ ವರ್ಷದ ಹೊಗೆಯಿಂದಲ್ಲ, ಉಗಿಯಂತ್ರದ ಕಾಲದಿಂದ ಕೂಡಿಟ್ಟ ಒಟ್ಟು ರಾಶಿಯಿಂದ. ಈ ವರ್ಷ ಒಂದು ದೇಶ ಗುರಿಗಿಂತ ನೂರಕ್ಕೆ ಎರಡು ಪಾಲು ಹೆಚ್ಚು ಬಿಟ್ಟು ಮುಂದಿನ ವರ್ಷ ಅಷ್ಟು ಕಡಿಮೆ ಬಿಟ್ಟರೆ ಹವಾಮಾನಕ್ಕೆ ವ್ಯತ್ಯಾಸ ತಿಳಿಯುವುದೇ ಇಲ್ಲ. ಆದ್ದರಿಂದ ವರ್ಷ ವರ್ಷದ ಮಿತಿಗೆ ಅಂಟಿಕೊಳ್ಳುವುದಕ್ಕಿಂತ ಏರುತ್ತಾ ಹೋಗುವ ಒಂದು ನಿಶ್ಚಿತ ಬೆಲೆ ಮೇಲು ಎಂದು ಅನೇಕ ಅರ್ಥಶಾಸ್ತ್ರಜ್ಞರು ವಾದಿಸುತ್ತಾರೆ. ಉಕ್ಕಿನ ಕುಲುಮೆ ಕಟ್ಟಿದರೆ ಮೂವತ್ತು ನಲವತ್ತು ವರ್ಷ ಉರಿಯುತ್ತದೆ. ಅದನ್ನು ಕಟ್ಟಲು ಹೊರಟವನಿಗೆ ಹತ್ತು ವರ್ಷದ ನಂತರ ಹೊಗೆಯ ಬೆಲೆ ಎಷ್ಟಿರುತ್ತದೆ ಎಂಬ ಭರವಸೆ ಬೇಕು.

ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರೆ ಏನಾಗುತ್ತದೆ ಎಂದು ಯುರೋಪ್ ಅನುಭವಿಸಿ ಕಲಿತಿದೆ. ಅಲ್ಲಿ ಇಂಗಾಲದ ಪರವಾನಗಿ ಮಾರುಕಟ್ಟೆ ಶುರುವಾದದ್ದು 2005ರಲ್ಲಿ. ಪರವಾನಗಿಗಳಲ್ಲಿ ಹೆಚ್ಚಿನವನ್ನು ಪುಕ್ಕಟೆ ಹಂಚಿದರು. ಅದೂ ಕಾರ್ಖಾನೆಗಳೇ ಕೊಟ್ಟ ಅಂದಾಜಿನ ಮೇಲೆ, ಬೇಕಾದ್ದಕ್ಕಿಂತ ಹೆಚ್ಚು. 2006ರ ಏಪ್ರಿಲಿನಲ್ಲಿ ನಿಜವಾದ ಹೊಗೆಯ ಲೆಕ್ಕ ಹೊರಬಿತ್ತು. ಟನ್ನಿಗೆ 30 ಯೂರೊ ಸುತ್ತ ಇದ್ದ ಬೆಲೆ ಕೆಲವೇ ದಿನಗಳಲ್ಲಿ ಅರ್ಧಕ್ಕೆ ಬಿತ್ತು. ಆ ಸುತ್ತಿನ ಪರವಾನಗಿ ಮುಂದಿನ ಸುತ್ತಿಗೆ ನಡೆಯುತ್ತಿರಲಿಲ್ಲವಾದ್ದರಿಂದ 2007ರ ಕೊನೆಗೆ ಅದು ಹೆಚ್ಚುಕಡಿಮೆ ಸೊನ್ನೆ. 2008ರ ಆರ್ಥಿಕ ಕುಸಿತದಲ್ಲಿ ಕಾರ್ಖಾನೆಗಳು ನಿಧಾನವಾದವು, ಹೊಗೆ ತಾನಾಗಿ ಇಳಿಯಿತು, ಪರವಾನಗಿ ಮಾತ್ರ ಮೊದಲಿನಷ್ಟೇ ಇತ್ತು. 2013ರಲ್ಲಿ ಬೆಲೆ 5 ಯೂರೊಗಿಂತ ಕೆಳಗೆ ಹೋಯಿತು. ಆ ಬೆಲೆಗೆ ಯಾವ ಮಾಲೀಕನೂ ಕಲ್ಲಿದ್ದಲು ಬಿಡುವುದಿಲ್ಲ. 2019ರಿಂದ ಹೆಚ್ಚುವರಿ ಪರವಾನಗಿಗಳನ್ನು ಮಾರುಕಟ್ಟೆಯಿಂದ ಹಿಂದೆ ಎಳೆದಿಡುವ ವ್ಯವಸ್ಥೆ ಜಾರಿಗೆ ಬಂತು, ಮಿತಿಯನ್ನೂ ಬಿಗಿ ಮಾಡಿದರು. 2023ರ ಫೆಬ್ರುವರಿಯಲ್ಲಿ ಬೆಲೆ ಮೊದಲ ಬಾರಿಗೆ 100 ಯೂರೊ ಮುಟ್ಟಿತು. ಸೊನ್ನೆಯಿಂದ ನೂರರವರೆಗೆ ಓಲಾಡುವ ಬೆಲೆಯನ್ನು ನಂಬಿ ಯಾರು ಕುಲುಮೆ ಕಟ್ಟಿಯಾರು?

ಹಾಗೆಂದು ತೆರಿಗೆಯ ಹಾದಿಯೇನೂ ಹೂವಿನದಲ್ಲ. ಫ್ರಾನ್ಸಿನಲ್ಲಿ ಇಂಗಾಲದ ತೆರಿಗೆ ಟನ್ನಿಗೆ 44.6 ಯೂರೊಗೆ ಬಂದಾಗ, 2018ರ ಚಳಿಗಾಲದಲ್ಲಿ ಹಳದಿ ಅಂಗಿ ತೊಟ್ಟ ಜನ ಬೀದಿಗಿಳಿದರು. ಬಸ್ಸು ರೈಲಿಲ್ಲದ ಸಣ್ಣ ಊರುಗಳಲ್ಲಿ ಡೀಸೆಲ್ ಕಾರನ್ನೇ ನಂಬಿ ಬದುಕುವವರು ಅವರು. ತೆರಿಗೆ ಅಲ್ಲಿಗೇ ನಿಂತಿತು. ಪರವಾನಗಿಯ ಬೆಲೆಯೂ ಕೊನೆಗೆ ಸಾಮಾನ್ಯ ಜನರ ಮೇಲೆಯೇ ಬೀಳುತ್ತದೆ. ಯುರೋಪಿನ ವಿದ್ಯುತ್ ಕಂಪನಿಗಳು ಪುಕ್ಕಟೆ ಸಿಕ್ಕ ಪರವಾನಗಿಯ ಬೆಲೆಯನ್ನೂ ಗ್ರಾಹಕರ ಬಿಲ್ಲಿಗೆ ಸೇರಿಸಿ ಲಾಭ ಮಾಡಿಕೊಂಡವು. ಆದರೆ ಅದು ಬಿಲ್ಲಿನಲ್ಲಿ ಬೇರೆ ಸಾಲಾಗಿ ಕಾಣುವುದಿಲ್ಲ. ತೆರಿಗೆ ಎಂಬ ಪದ ಕಣ್ಣಿಗೆ ಹೊಡೆಯುತ್ತದೆ. ಸರ್ಕಾರಗಳು ಪರವಾನಗಿಯತ್ತ ವಾಲಲು ಅರ್ಥಶಾಸ್ತ್ರಕ್ಕಿಂತ ಇದೇ ದೊಡ್ಡ ಕಾರಣ ಎಂದು ನನಗನಿಸುತ್ತದೆ. ಉದ್ಯಮಗಳ ಬಾಯಿ ಮುಚ್ಚಿಸಲು ಮೊದಲ ವರ್ಷಗಳಲ್ಲಿ ಪುಕ್ಕಟೆ ಹಂಚುವ ಅನುಕೂಲವೂ ಅದರಲ್ಲಿದೆ.

ಮತ್ತೆ ಸೂರತ್‌ಗೆ ಬರೋಣ. ಅಲ್ಲಿ ಮಾರುಕಟ್ಟೆ ಕಟ್ಟಿದವರು ಯುರೋಪಿನ ಪಾಠ ಮರೆಯಲಿಲ್ಲ. ಮೊದಲು ಮಾಡಿದ ಕೆಲಸ ಪ್ರತಿ ಚಿಮಣಿಯಲ್ಲೂ ಹಗಲಿರುಳು ಅಳೆಯುವ ಯಂತ್ರ ಕೂರಿಸಿದ್ದು. ಏಣಿ ಹತ್ತುವವನ ಬದಲು ಆ ಯಂತ್ರ ಹೊಗೆಯ ಲೆಕ್ಕವನ್ನು ನೇರವಾಗಿ ಮಂಡಳಿಯ ಕಂಪ್ಯೂಟರಿಗೆ ಕಳಿಸುತ್ತದೆ. ಒಟ್ಟು 317 ಕಾರ್ಖಾನೆಗಳಲ್ಲಿ 162ನ್ನು ಚೀಟಿ ಎತ್ತಿದಂತೆ ಆರಿಸಿ ಮಾರುಕಟ್ಟೆಗೆ ಸೇರಿಸಿದರು, ಉಳಿದವನ್ನು ಹೋಲಿಕೆಗಾಗಿ ಹಳೆಯ ನಿಯಮದಲ್ಲೇ ಬಿಟ್ಟರು. ಔಷಧಿ ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ಮಾತ್ರ ನಿಜವಾದ ಗುಳಿಗೆ ಕೊಡುವ ಕ್ರಮವಿದು. ಮಾರುಕಟ್ಟೆಯ ಒಟ್ಟು ಮಿತಿಯನ್ನು ಮೊದಲು ತಿಂಗಳಿಗೆ 280 ಟನ್ ಎಂದು ಇಟ್ಟು ನಂತರ ಬಿಗಿಗೊಳಿಸಿದರು. ಪರವಾನಗಿಗಳಲ್ಲಿ ನೂರಕ್ಕೆ 80ನ್ನು ಪುಕ್ಕಟೆ ಕೊಟ್ಟು 20ನ್ನು ಹರಾಜು ಹಾಕಿದರು. ಪ್ರತಿ ಕಾರ್ಖಾನೆಯೂ ಮೊದಲೇ ಠೇವಣಿ ಇಡಬೇಕು. ಹೊಗೆಗೆ ತಕ್ಕಷ್ಟು ಪರವಾನಗಿ ತೋರಿಸದಿದ್ದರೆ ದಂಡ ಆ ಠೇವಣಿಯಿಂದಲೇ ಕಡಿತ. ನೋಟಿಸು, ಕೋರ್ಟು, ವಾಯಿದೆ ಎಂಬ ಅಲೆದಾಟವಿಲ್ಲ.

ಎಲ್ಲಕ್ಕಿಂತ ಮುಖ್ಯ, ಬೆಲೆಗೆ ನೆಲವನ್ನೂ ಚಾವಣಿಯನ್ನೂ ಕಟ್ಟಿದರು. ಪರವಾನಗಿ ಕಿಲೋಗೆ 5 ರೂಪಾಯಿಗಿಂತ ಕೆಳಗೆ ಇಳಿಯುವಂತಿಲ್ಲ, 100 ರೂಪಾಯಿಗಿಂತ ಮೇಲೆ ಏರುವಂತಿಲ್ಲ. ಗಮನಿಸಿದರೆ ಇದು ಮಾರುಕಟ್ಟೆಯೊಳಗೆ ತೆರಿಗೆಯನ್ನು ಹೊಲಿದ ಹಾಗೆ. ಬೆಲೆ ಕುಸಿದಾಗ ನೆಲದ ಬೆಲೆಯೇ ತೆರಿಗೆಯಂತೆ ಕೆಲಸ ಮಾಡುತ್ತದೆ, ಬೆಲೆ ಏರಿದಾಗ ಚಾವಣಿ ಕಾರ್ಖಾನೆ ಮುಚ್ಚದಂತೆ ಕಾಯುತ್ತದೆ, ನಡುವೆ ಮಾರುಕಟ್ಟೆ ತನ್ನ ಪಾಡಿಗೆ ನಡೆಯುತ್ತದೆ.

ಫಲಿತಾಂಶ ಸ್ಪಷ್ಟವಾಗಿತ್ತು. ಮಾರುಕಟ್ಟೆಯೊಳಗಿನ ಕಾರ್ಖಾನೆಗಳ ಕಣಮಾಲಿನ್ಯ ಹೊರಗಿನವಕ್ಕಿಂತ ನೂರಕ್ಕೆ 20ರಿಂದ 30ರಷ್ಟು ಕಡಿಮೆಯಾಯಿತು. ಅಷ್ಟೇ ಹೊಗೆಯನ್ನು ಹಳೆಯ ನಿಯಮದಲ್ಲಿ ತಡೆಯಲು ಆಗುತ್ತಿದ್ದುದಕ್ಕಿಂತ ಖರ್ಚು ಸುಮಾರು ನೂರಕ್ಕೆ 11ರಷ್ಟು ಇಳಿಯಿತು. ನೂರರಲ್ಲಿ 99 ಕಾರ್ಖಾನೆಗಳು ಪರವಾನಗಿಯ ಲೆಕ್ಕ ಸರಿಯಾಗಿ ಒಪ್ಪಿಸಿದವು. ಹಳೆಯ ಪದ್ಧತಿಯಲ್ಲೇ ಉಳಿದವುಗಳಲ್ಲಿ ಮೂರರಲ್ಲಿ ಒಂದು ನಿಯಮ ಮೀರುತ್ತಲೇ ಇತ್ತು. ಕಣದ ಹಾನಿ ಊರಿಗೆ ತಕ್ಷಣ ತಟ್ಟುವಂಥದ್ದು, ಒಟ್ಟು ಪ್ರಮಾಣಕ್ಕೆ ಮಿತಿ ಬೇಕು, ಕಾರ್ಖಾನೆ ಕಾರ್ಖಾನೆಗೂ ಖರ್ಚು ಬೇರೆ ಬೇರೆ, ಕೊಳ್ಳುವವರು ಮಾರುವವರು ನೂರಾರು. ಪರವಾನಗಿ ಪದ್ಧತಿಗೆ ಹೇಳಿ ಮಾಡಿಸಿದ ಜಾಗ ಇದು.

ಅದೇ ಉತ್ತರ ಕಲ್ಲಿದ್ದಲ ಇಂಗಾಲಕ್ಕೆ ಒಪ್ಪುವುದಿಲ್ಲ. ಯಾವ ಚಿಮಣಿಯಿಂದ ಎಷ್ಟು ಕಣ ಬಂತೆಂದು ತಿಳಿಯಲು ಚಿಮಣಿಯನ್ನೇ ಅಳೆಯಬೇಕು, ಏಕೆಂದರೆ ಫಿಲ್ಟರ್ ಹಾಕಿದರೆ ಕಣ ನಿಲ್ಲುತ್ತದೆ. ಇಂಗಾಲಕ್ಕೆ ಅಂಥ ಫಿಲ್ಟರ್ ಸಾಮಾನ್ಯ ಬಾಯ್ಲರಿನಲ್ಲಿ ಇಲ್ಲ. ಎಷ್ಟು ಕಲ್ಲಿದ್ದಲು ಸುಟ್ಟರೋ ಅಷ್ಟು ಇಂಗಾಲ ಹೊರಬರಲೇಬೇಕು. ಹಾಗಾಗಿ ಸಾವಿರಾರು ಚಿಮಣಿಗಳ ಹಿಂದೆ ಓಡುವ ಬದಲು ಗಣಿಯ ಬಾಯಲ್ಲಿ, ಬಂದರಿನಲ್ಲಿ, ಲಾರಿ ತೂಗುವಾಗಲೇ ತೆರಿಗೆ ಹಾಕಿದರೆ ಮುಗಿಯಿತು.

ಭಾರತ ಇದನ್ನು ಮಾಡಿತ್ತು ಎನ್ನುವುದು ಬಹಳ ಜನರಿಗೆ ತಿಳಿದಿಲ್ಲ. 2010ರಲ್ಲಿ ಪ್ರತಿ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಸೆಸ್ ಬಂತು. ಅದು ನೂರು, ಇನ್ನೂರು ಎಂದು ಏರಿ 2016ರಲ್ಲಿ 400 ರೂಪಾಯಿ ಆಯಿತು. ಒಂದು ಟನ್ ಕಲ್ಲಿದ್ದಲು ಸುಟ್ಟರೆ ಒಂದೂವರೆ ಟನ್ನಿಗೂ ಮೀರಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಎಂದರೆ ಟನ್ ಇಂಗಾಲದ ಡೈಆಕ್ಸೈಡಿಗೆ ಸುಮಾರು 250 ರೂಪಾಯಿ. ಯುರೋಪಿನ ಬೆಲೆಯ ಮುಂದೆ ಚಿಕ್ಕದೇ, ಆದರೂ ಪ್ರತಿ ಟನ್ನಿಗೆ ಇಷ್ಟು ಎಂಬ ಸರಿಯಾದ ಅಳತೆಗೋಲು ಅದಾಗಿತ್ತು. 2017ರಲ್ಲಿ ಅದು ಜಿಎಸ್‌ಟಿ ಪರಿಹಾರ ಸೆಸ್ಸಿನಲ್ಲಿ ಸೇರಿಹೋಯಿತು, ಶುದ್ಧ ಇಂಧನಕ್ಕೆಂದು ಇದ್ದ ಹಣ ರಾಜ್ಯಗಳ ಆದಾಯ ತುಂಬಿಕೊಡಲು ತಿರುಗಿತು. 2025ರ ಸೆಪ್ಟೆಂಬರಿನಲ್ಲಿ ಸೆಸ್ ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿಯನ್ನು ನೂರಕ್ಕೆ 5ರಿಂದ 18ಕ್ಕೆ ಏರಿಸಿದರು.

ಇದನ್ನು ನಾನು ತಪ್ಪು ಹೆಜ್ಜೆ ಎಂದೇ ಹೇಳುತ್ತೇನೆ. ತೆರಿಗೆ ಈಗ ತೂಕದ ಮೇಲಲ್ಲ, ಬೆಲೆಯ ಮೇಲೆ. ಬೂದಿ ಹೆಚ್ಚಿರುವ ಕೀಳು ದರ್ಜೆಯ ಕಲ್ಲಿದ್ದಲು ಅಗ್ಗ, ಆದ್ದರಿಂದ ಅದರ ಮೇಲಿನ ತೆರಿಗೆ ಇಳಿಯಿತು. ದುಬಾರಿಯಾದ ಒಳ್ಳೆಯ ಕಲ್ಲಿದ್ದಲಿನ ಮೇಲೆ ಏರಿತು. ಹೊಗೆಗೆ ಹಾಕುವ ತೆರಿಗೆ ಹೊಗೆಯನ್ನು ಅಳೆಯಬೇಕು, ಬಿಲ್ಲನ್ನಲ್ಲ.

ಇದೇ ಹೊತ್ತಿಗೆ ಕೇಂದ್ರ ಸರ್ಕಾರ ಇಂಗಾಲದ ಮಾರುಕಟ್ಟೆಯನ್ನೂ ಕಟ್ಟುತ್ತಿದೆ. 2023ರಲ್ಲಿ ಯೋಜನೆ ಪ್ರಕಟವಾಗಿ, 2025ರ ಅಕ್ಟೋಬರಿನಲ್ಲಿ ಸಿಮೆಂಟ್, ಅಲ್ಯೂಮಿನಿಯಂ, ಕಾಗದ, ಕ್ಲೋರ್-ಆಲ್ಕಲಿ ಉದ್ಯಮಗಳಿಗೆ ಗುರಿ ನಿಗದಿಯಾಯಿತು. ಕಲಬುರಗಿ ಜಿಲ್ಲೆಯ ಸಿಮೆಂಟ್ ಸೀಮೆಗೂ ಇದರ ಬಿಸಿ ತಟ್ಟಲಿದೆ. ಆದರೆ ಇಲ್ಲಿ ಒಟ್ಟು ಹೊಗೆಗೆ ಮಿತಿಯಿಲ್ಲ, ಒಂದು ಟನ್ ಸಿಮೆಂಟಿಗೆ ಎಷ್ಟು ಹೊಗೆ ಎಂಬ ದರಕ್ಕೆ ಮಿತಿ. ಉದಾಹರಣೆಗೆ, ಒಂದು ಕಾರ್ಖಾನೆ ಹತ್ತು ಲಕ್ಷ ಟನ್ ಸಿಮೆಂಟ್ ಮಾಡಿ ಟನ್ನಿಗೆ 0.65ರಂತೆ ಆರೂವರೆ ಲಕ್ಷ ಟನ್ ಹೊಗೆ ಬಿಡುತ್ತಿದೆ ಎನ್ನಿ. ದರವನ್ನು 0.60ಕ್ಕೆ ಇಳಿಸಿ ಉತ್ಪಾದನೆಯನ್ನು ಹನ್ನೆರಡು ಲಕ್ಷಕ್ಕೆ ಏರಿಸಿದರೆ ಹೊಗೆ 7.2 ಲಕ್ಷ ಟನ್. ಹೊಗೆ ಹೆಚ್ಚಾಗಿದೆ, ಆದರೆ ಗುರಿ ದಾಟಿದ್ದಕ್ಕೆ ಮಾರಲು ಪ್ರಮಾಣಪತ್ರ ಸಿಗಬಹುದು. ಮನೆ, ರಸ್ತೆ ಇನ್ನೂ ಕಟ್ಟಬೇಕಾದ ದೇಶಕ್ಕೆ ದರದ ಮಿತಿಯೇ ಸರಿ ಎಂಬ ವಾದದಲ್ಲಿ ಹುರುಳಿದೆ. ಆದರೆ ಪ್ರಮಾಣದ ಭರವಸೆ ಬಿಟ್ಟುಕೊಟ್ಟ ಮೇಲೆ ಬೆಲೆಯ ಭರವಸೆಯಾದರೂ ಇರಬೇಕು. ಇಂಧನ ಉಳಿತಾಯಕ್ಕೆಂದು 2012ರಲ್ಲಿ ಶುರುವಾದ ಇಂಥದೇ ಪ್ರಮಾಣಪತ್ರ ಯೋಜನೆಯ ಮೊದಲ ಸುತ್ತಿನಲ್ಲಿ ಗುರಿಗಳು ಸಡಿಲವಾಗಿದ್ದವು, ಮಾರುವವರೇ ಹೆಚ್ಚಾದರು, ಬೆಲೆ ಕುಸಿಯಿತು. ಸೂರತ್‌ನ 5 ರೂಪಾಯಿಯಂಥ ನೆಲದ ಬೆಲೆ ಇಲ್ಲಿ ಅಗತ್ಯ, ಅದೂ ಹೆಸರಿಗೆ ಮಾತ್ರ ಇರದೆ ನಿಜವಾಗಿ ಕಚ್ಚುವಷ್ಟು.

ಈ ಬೆಲೆ ನಾವು ಇಡದಿದ್ದರೆ ಹೊರಗಿನವರು ಇಡುತ್ತಾರೆ. 2026ರ ಜನವರಿಯಿಂದ ಯುರೋಪ್ ತನ್ನ ಗಡಿ ದಾಟಿ ಬರುವ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂಗಳ ಇಂಗಾಲಕ್ಕೆ ಶುಲ್ಕ ವಿಧಿಸುವ ನಿಯಮ ಜಾರಿಗೊಳಿಸಿದೆ. ಸರಕು ತಯಾರಾದ ದೇಶದಲ್ಲಿ ಆಗಲೇ ಕಟ್ಟಿದ ಇಂಗಾಲದ ಬೆಲೆಯನ್ನು ಅದರಲ್ಲಿ ಕಳೆಯಲು ಅವಕಾಶವಿದೆ. ಬಳ್ಳಾರಿ ಸೀಮೆಯ ಅದಿರಿನಿಂದ ತೋರಣಗಲ್ಲಿನಲ್ಲಿ ಮಾಡಿದ ಉಕ್ಕು ಯುರೋಪಿಗೆ ಹೋದರೆ ಅದರ ಹೊಗೆಯ ಬೆಲೆಯನ್ನು ಇಲ್ಲಿ ಕಟ್ಟಿದಷ್ಟೂ ನಮ್ಮ ದೇಶದಲ್ಲಿ ಉಳಿಯುತ್ತದೆ, ಕಟ್ಟದೆ ಬಿಟ್ಟದ್ದು ಅಲ್ಲಿಯ ಖಜಾನೆಗೆ ಹೋಗುತ್ತದೆ.